ನೆಟ್ ಮೇಲಿನ ಆ ಒಂದು ಗೇಣು

ನಮ್ಮ ಬಡಾವಣೆಯ ಮಕ್ಕಳಿಗಾಗಿ ಷಟಲ್ ಪಾಠದ ವಿಡಿಯೊ ಮಾಡಲು ಹೊರಟಾಗ ಅವರು ಕೇಳಿದ್ದು ಸ್ಮ್ಯಾಶ್. ನಾನು ಆರಿಸಿಕೊಂಡದ್ದು ಸರ್ವಿಸ್, ಅದರಲ್ಲೂ ನೆಟ್ ಸವರಿಕೊಂಡು ಹೋಗುವ ಬ್ಯಾಕ್‌ಹ್ಯಾಂಡ್ ಶಾರ್ಟ್ ಸರ್ವಿಸ್. ಅದು ತಪ್ಪಿದರೆ ಆಟವೇ ಶುರುವಾಗುವುದಿಲ್ಲ. ಅಲ್ಲದೆ ಎದುರಿಗೆ ಯಾರೂ ಇಲ್ಲದೆ, ಒಂದು ಗೋಡೆ ಇದ್ದರೂ ಸಾಕು, ಒಬ್ಬರೇ ಕಲಿಯಬಹುದಾದ ಹೊಡೆತ ಅದು.

ಮೊದಲ ಸಲ ಚಿತ್ರೀಕರಿಸಿದಾಗ ಫೋನನ್ನು ನೆಟ್‌ನ ಆಚೆ ಇಟ್ಟು, ಎದುರಿನಿಂದ ತೆಗೆದಿದ್ದೆವು. ಮುಖ ಚೆನ್ನಾಗಿ ಕಾಣುತ್ತಿತ್ತು. ಆದರೆ ಅದನ್ನು ನೋಡಿದ ಒಂಬತ್ತು ವರ್ಷದ ಹುಡುಗಿ ಎಡಗೈಯಲ್ಲಿ ರ‍್ಯಾಕೆಟ್ ಹಿಡಿದು ನಿಂತಳು. ಕನ್ನಡಿಯಲ್ಲಿ ನೋಡಿದಂತೆ ಅವಳು ನಮ್ಮನ್ನು ಅನುಕರಿಸಿದ್ದಳು, ತಪ್ಪು ಅವಳದಲ್ಲ. ಕಾಕ್ ಎಷ್ಟು ಎತ್ತರದಲ್ಲಿ ನೆಟ್ ದಾಟಿತು ಎಂಬ ಮುಖ್ಯ ವಿಷಯವೂ ಆ ಕೋನದಲ್ಲಿ ತಿಳಿಯುತ್ತಿರಲಿಲ್ಲ. ಎಲ್ಲವನ್ನೂ ಅಳಿಸಿ ಮತ್ತೆ ಶುರು ಮಾಡಿದೆವು. ಈ ಸಲ ಮೂರೇ ಕೋನ: ಹಿಡಿತ ತೋರಿಸಲು ತೀರಾ ಹತ್ತಿರದಿಂದ, ಕಾಕ್‌ನ ದಾರಿ ತೋರಿಸಲು ಆಟಗಾರನ ಭುಜದ ಹಿಂದಿನಿಂದ, ನಿಯಮ ತೋರಿಸಲು ಪಕ್ಕದಿಂದ.

ಪಕ್ಕದ ಕೋನಕ್ಕೆ ಸ್ವಲ್ಪ ಲೆಕ್ಕ ಬೇಕು. 2018ರಿಂದ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ಸರ್ವಿಸ್ ಹೊಡೆಯುವ ಕ್ಷಣಕ್ಕೆ ಇಡೀ ಕಾಕ್ ನೆಲದಿಂದ 1.15 ಮೀಟರ್‌ಗಿಂತ ಕೆಳಗಿರಬೇಕು. ಅದಕ್ಕೂ ಮೊದಲು ಸೊಂಟವೇ ಅಳತೆಯಾಗಿತ್ತು. ಹಾಗಾಗಿ ಆಟಗಾರನ ಹಿಂದಿನ ಗೋಡೆಗೆ 1.15 ಮೀಟರ್ ಎತ್ತರದಲ್ಲಿ ಬಣ್ಣದ ಟೇಪ್ ಅಂಟಿಸಿದೆವು. ಫೋನಿನ ಲೆನ್ಸ್ ಕೂಡ ಸರಿಯಾಗಿ ಅದೇ ಎತ್ತರದಲ್ಲಿರಬೇಕು. ನಿಂತವರು ಕಣ್ಣೆತ್ತರಕ್ಕೆ ಫೋನ್ ಹಿಡಿದು ತೆಗೆದರೆ ನೋಟ ಇಳಿಜಾರಾಗುತ್ತದೆ, ಗೆರೆಗಿಂತ ಮೇಲಿರುವ ಕಾಕ್ ಕೂಡ ಟೇಪಿನ ಕೆಳಗಿರುವಂತೆ ಕಾಣುತ್ತದೆ. ತಪ್ಪು ಸರ್ವಿಸನ್ನು ಸರಿ ಎಂದು ಕಲಿಸಿದಂತಾಗುತ್ತದೆ. ಸ್ಟೂಲಿನ ಮೇಲೆ ಪುಸ್ತಕ ಜೋಡಿಸಿ, ಅಳತೆ ಟೇಪು ಹಿಡಿದು ಲೆನ್ಸನ್ನು ಆ ಎತ್ತರಕ್ಕೆ ತಂದೆವು. ಹಿನ್ನೆಲೆಯ ಗೋಡೆ ಬಿಳಿಯಿದ್ದರೆ ಬಿಳಿ ಕಾಕ್ ಕಾಣೆಯಾಗುತ್ತದೆ, ನಾವು ಕಡುಹಸಿರು ಬೆಡ್‌ಶೀಟ್ ಕಟ್ಟಿ ಅದರ ಮೇಲೆಯೇ ಟೇಪ್ ಎಳೆದೆವು.

ಇನ್ನು ಮಾತು. ನಾನು ಮೊದಲು ಬರೆದ ಸ್ಕ್ರಿಪ್ಟಿನಲ್ಲಿ ಮಣಿಕಟ್ಟು, ಮೊಣಕೈ, ಭುಜ, ಪಾದ ಎಲ್ಲಕ್ಕೂ ಸೂಚನೆಗಳಿದ್ದವು. ಹೊಡೆಯುವಾಗ ಅಷ್ಟನ್ನು ನೆನಪಿಟ್ಟುಕೊಳ್ಳಲು ಯಾರಿಗೂ ಆಗುವುದಿಲ್ಲ. ಚಲನೆಯ ಕಲಿಕೆಯನ್ನು ಬಹುಕಾಲ ಅಧ್ಯಯನ ಮಾಡಿದ ಗೇಬ್ರಿಯೆಲೆ ವುಲ್ಫ್ ಅವರ ಸಂಶೋಧನೆ ಇಲ್ಲಿ ನೆರವಿಗೆ ಬಂತು. ಕಲಿಯುವವರ ಗಮನ ತಮ್ಮ ಅಂಗಾಂಗದ ಮೇಲಿರುವುದಕ್ಕಿಂತ, ಆ ಚಲನೆಯಿಂದ ಹೊರಗೆ ಏನಾಗಬೇಕೋ ಅದರ ಮೇಲಿದ್ದರೆ ಕಲಿಕೆ ಚೆನ್ನಾಗಿ ಆಗುತ್ತದೆ ಎನ್ನುತ್ತಾರೆ ಅವರು. ಅದಕ್ಕೇ ‘ಮಣಿಕಟ್ಟು ಬಗ್ಗಿಸಬೇಡಿ’ ಎಂಬುದನ್ನು ತೆಗೆದು ‘ಕಾಕನ್ನು ನೆಟ್‌ನ ಬಿಳಿಪಟ್ಟಿಯ ಮೇಲೆ ಜಾರಿಸಿ’ ಎಂದು ಬರೆದೆ. ಒಂದು ಹಂತಕ್ಕೆ ಒಂದೇ ಸೂಚನೆ, ಅದೂ ಹೊಡೆಯುವ ಮೊದಲು. ಹೊಡೆಯುವಾಗ ಮಾತಿಲ್ಲ, ಏಕೆಂದರೆ ಆಗ ಕೇಳಬೇಕಾದದ್ದು ಬೇರೆ ಇದೆ.

ಮೊದಲ ತುಣುಕು ಹಿಡಿತದ್ದು. ಪರದೆ ತುಂಬ ಕೈಯೊಂದೇ. ರ‍್ಯಾಕೆಟ್ ಹಿಡಿಯ ಅಗಲ ಪಟ್ಟಿಯ ಮೇಲೆ ಹೆಬ್ಬೆರಳು ಚಪ್ಪಟೆಯಾಗಿ ಕೂರುತ್ತದೆ, ಉಳಿದ ಬೆರಳು ಸಡಿಲ, ಕೈ ಹಿಡಿಯ ಮೇಲ್ತುದಿಗೆ ಹತ್ತಿರ. ಹಿನ್ನೆಲೆ ದನಿ: ‘ಬಾಗಿಲ ಬೆಲ್ ಒತ್ತೋ ಹಾಗೆ ಹೆಬ್ಬೆರಳಿಡಿ. ಬೆಲ್ ಒತ್ತೋಕೆ ಎಷ್ಟು ಶಕ್ತಿ ಬೇಕೋ ಅಷ್ಟೇ.’ ಈ ಹೋಲಿಕೆ ಸಿಕ್ಕ ಮೇಲೆ ‘ಜೋರಾಗಿ ಹೊಡೀಬೇಡಿ’ ಎಂದು ಹೇಳುವ ಅಗತ್ಯವೇ ಬೀಳಲಿಲ್ಲ.

ಎರಡನೆಯದು ಗೋಡೆಯ ಮುಂದೆ. ನೆಟ್ ಕಂಬದ ಬಳಿ 1.55 ಮೀಟರ್ ಎತ್ತರವಿರುತ್ತದೆ, ಅಷ್ಟೇ ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ. ಸರ್ವಿಸ್ ಗೆರೆಯಿಂದ ನೆಟ್‌ಗೆ 1.98 ಮೀಟರ್, ಆದ್ದರಿಂದ ಗೋಡೆಯಿಂದ ಎರಡು ಮೀಟರ್ ದೂರ ನಿಲ್ಲುವುದು. ಎಡಗೈಯ ಎರಡು ಬೆರಳಲ್ಲಿ ಗರಿಯ ತುದಿ ಹಿಡಿದು, ಕಾಕ್‌ನ ಬೆಂಡು ರ‍್ಯಾಕೆಟ್ಟಿನ ಕಡೆಗಿರುವಂತೆ ನೋಡಿಕೊಂಡು, ರ‍್ಯಾಕೆಟ್ಟನ್ನು ತುಸು ಹಿಂದಕ್ಕೆ ತಂದು ಮುಂದಕ್ಕೆ ತಳ್ಳುವುದು. ‘ಹಿಂದೆ… ತಳ್ಳಿ. ಸದ್ದು ಕೇಳಿ.’ ಬೆಂಡಿಗೆ ತಾಗಿದರೆ ‘ಟಕ್’ ಎಂಬ ಗಟ್ಟಿ ಸದ್ದು. ಗರಿಗೆ ತಾಗಿದರೆ ‘ಚರ್’ ಎನ್ನುತ್ತದೆ, ಕಾಕ್ ತೂರಾಡುತ್ತದೆ. ಕಾಕ್ ಎತ್ತಿ ಹಾಕಿ ಹೊಡೆಯುವ ಅಭ್ಯಾಸ ಇದ್ದವರಲ್ಲಿ ಈ ‘ಚರ್’ ಹೆಚ್ಚು. ಅವರಿಗೆ ನಾವು ಹೇಳುವುದು: ‘ಎಸೀಬೇಡಿ, ಬಿಟ್ಟುಬಿಡಿ.’ ಇಲ್ಲಿಗೆ ನೈಲಾನ್ ಕಾಕ್ ಸಾಕು.

ಮೂರನೆಯದರಲ್ಲಿ ನೆಟ್ ಬರುತ್ತದೆ. ಕಾಕ್ ದಾಟಿ ಎದುರಿನ ಸರ್ವಿಸ್ ಗೆರೆಯ ಆಚೆ, ಕರ್ಣದ ಮೂಲೆಯ ಚೌಕದಲ್ಲಿ ಬಿದ್ದರೆ ಆಯಿತು, ಎತ್ತರದ ಚಿಂತೆ ಇಲ್ಲ. ಎರಡು ಪಾದವೂ ನೆಲಕ್ಕಂಟಿರಬೇಕು ಎಂಬ ನಿಯಮವನ್ನು ಇಲ್ಲಿ ಪಕ್ಕದ ಕೋನದಲ್ಲಿ ಒಮ್ಮೆ ತೋರಿಸಿ ಮುಂದೆ ಹೋಗುತ್ತೇವೆ.

ನಾಲ್ಕನೆಯದೇ ಇಡೀ ವಿಡಿಯೊದ ಜೀವ. ಕಂಬದಿಂದ ಕಂಬಕ್ಕೆ, ನೆಟ್‌ಗಿಂತ ಒಂದೂವರೆ ಗೇಣು ಮೇಲೆ, ಕೆಂಪು ದಾರ ಕಟ್ಟಿದೆವು. ಕಾಕ್ ಆ ಸಂದಿನಲ್ಲಿ ನುಸುಳಬೇಕು. ಫೋನ್ ಆಟಗಾರನ ಬಲಭುಜದ ಹಿಂದೆ, ಅವನ ಕಣ್ಣಿಗೆ ಕಾಣುವುದೇ ನೋಡುವವರಿಗೂ ಕಾಣುತ್ತದೆ. ‘ದಾರ ಮುಟ್ಟಬಾರದು, ಪಟ್ಟಿ ಮುಟ್ಟಬಾರದು.’ ಹತ್ತರಲ್ಲಿ ಏಳು ನುಸುಳಿದರೆ ದಾರವನ್ನು ಒಂದು ಗೇಣಿಗೆ ಇಳಿಸುವುದು. ನಾಲ್ಕಕ್ಕಿಂತ ಕಡಿಮೆಯಾದರೆ ಗೋಡೆಗೆ ಹಿಂತಿರುಗುವುದು. ಇದು ನಮ್ಮ ಅನುಭವದ ಲೆಕ್ಕ, ಆದರೆ ಲೆಕ್ಕವೊಂದು ಬೇಕೇ ಬೇಕು. ಇಲ್ಲದಿದ್ದರೆ ಮಕ್ಕಳು ಒಂದು ಸಲ ಸರಿಯಾದ ಕೂಡಲೇ ಮುಂದಿನ ಹಂತಕ್ಕೆ ಓಡುತ್ತಾರೆ.

ಹನ್ನೆರಡರ ಹುಡುಗನೊಬ್ಬ ಈ ದಾರಕ್ಕೆ ಮೊದಲ ಹತ್ತರಲ್ಲಿ ಮೂರನ್ನಷ್ಟೇ ನುಸುಳಿಸಿದ. ಉಳಿದವೆಲ್ಲ ದಾರದ ಮೇಲೆ ಹಾರಿದವು. ಪಕ್ಕದಿಂದ ನಿಧಾನಗತಿಯಲ್ಲಿ ತೆಗೆದು ನೋಡಿದರೆ ಕಾಕ್ ನೆಟ್ ದಾಟುವಾಗಲೂ ಮೇಲಕ್ಕೇ ಏರುತ್ತಿತ್ತು. ಒಳ್ಳೆಯ ಸರ್ವಿಸಿನಲ್ಲಿ ಕಾಕ್ ತನ್ನ ಗರಿಷ್ಠ ಎತ್ತರವನ್ನು ನೆಟ್‌ಗೆ ಮೊದಲೇ, ನಮ್ಮ ಕಡೆಯಲ್ಲೇ ಮುಟ್ಟಿ, ಇಳಿಯುತ್ತ ದಾಟುತ್ತದೆ. ಅವನು ಕಾಕನ್ನು ಮೊಣಕಾಲ ಹತ್ತಿರ ಹಿಡಿದು ಕೆಳಗಿನಿಂದ ಎತ್ತುತ್ತಿದ್ದ. ಸೊಂಟದ ಮಟ್ಟಕ್ಕೆ, ದೇಹದಿಂದ ಮುಂದಕ್ಕೆ ಹಿಡಿಯಲು ಹೇಳಿ, ‘ನಮ್ಮ ಕಡೇಲೇ ಗುಡ್ಡ ಹತ್ತಿ, ನೆಟ್ ಮೇಲೆ ಇಳೀಲಿ’ ಎಂದೆವು. ಮುಂದಿನ ಹತ್ತರಲ್ಲಿ ಆರು ನುಸುಳಿದವು. ಆ ಎರಡು ದೃಶ್ಯಗಳನ್ನು ಒಂದರ ಪಕ್ಕ ಒಂದು ಜೋಡಿಸಿ ವಿಡಿಯೊದಲ್ಲಿ ಹಾಗೇ ಇಟ್ಟಿದ್ದೇವೆ. ಸರಿಯಾದುದನ್ನು ಮಾತ್ರ ತೋರಿಸಿದರೆ ಮನೆಯಲ್ಲಿ ನೋಡುವವರಿಗೆ ತಮ್ಮ ತಪ್ಪು ಯಾವುದೆಂದು ಗೊತ್ತಾಗುವುದಿಲ್ಲ. ನಿಧಾನಗತಿಯಲ್ಲಿ ಒಳಾಂಗಣದ ಕೆಲವು ದೀಪಗಳು ಮಿಣುಕುತ್ತವೆ, ಆದ್ದರಿಂದ ಈ ತುಣುಕನ್ನು ಬೆಳಗ್ಗೆ ಕಿಟಕಿಯ ಬೆಳಕಿನಲ್ಲಿ ತೆಗೆದೆವು.

ಕೊನೆಯ ಹಂತದಲ್ಲಿ ದಾರ ಬಿಚ್ಚಿ ಎದುರಿಗೆ ಒಬ್ಬರನ್ನು ನಿಲ್ಲಿಸುತ್ತೇವೆ. ಮೊದಲು ಅವರು ರ‍್ಯಾಕೆಟ್ ಎತ್ತಿ ಸುಮ್ಮನೆ ನಿಲ್ಲುವುದು, ಹೊಡೆಯುವ ಹಾಗಿಲ್ಲ. ಎದುರಿಗೆ ಒಬ್ಬರು ನಿಂತ ಮಾತ್ರಕ್ಕೇ ಆ ಹುಡುಗನ ಆರು ನಾಲ್ಕಕ್ಕಿಳಿಯಿತು, ಕಾಕ್ ಮತ್ತೆ ಮೇಲೇಳತೊಡಗಿತು. ಆಮೇಲೆ ಅವರು ಹೊಡೆಯಬಹುದು, ಕಾಕ್ ನೆಟ್‌ಗಿಂತ ಎತ್ತರ ಬಂದರೆ ಬಡಿದು ಕೆಡವಬಹುದು. ಇಲ್ಲಿ ಹಿನ್ನೆಲೆ ದನಿ ಒಂದೇ ಸಲ ಬರುತ್ತದೆ: ‘ಅವರನ್ನ ನೋಡ್ಬೇಡಿ. ದಾರ ಇನ್ನೂ ಅಲ್ಲೇ ಇದೆ ಅಂದ್ಕೊಳ್ಳಿ.’ ಆಮೇಲೆ ಒಂದು ನಿಮಿಷ ಕೇಳಿಸುವುದು ‘ಟಕ್’ ಸದ್ದುಗಳು ಮಾತ್ರ.