ಪೊಟ್ಟಣದ ಬೆನ್ನಿನ ಲೆಕ್ಕ

ಬಿ.ಪಿ. ಮಾತ್ರೆ ನುಂಗುವವರಿರುವ ಮನೆಗಳಲ್ಲಿ ಈಗ ಕುರುಕಲು ತಿಂಡಿಗಿಂತ ಮೊದಲು ಅದರ ಫೋಟೊ ಓಡಾಡುತ್ತದೆ. ಅಂಗಡಿಯಲ್ಲಿ ನಿಂತ ಅಮ್ಮ ಪೊಟ್ಟಣದ ಹಿಂಬದಿಯನ್ನು ಕ್ಲಿಕ್ಕಿಸಿ ಮಗಳಿಗೆ ವಾಟ್ಸಾಪ್ ಮಾಡುತ್ತಾರೆ: ‘ಅಪ್ಪಂಗೆ ಇದನ್ನ ಕೊಡಬಹುದಾ ನೋಡೇ.’ ಮಗಳು ಬೆರಳಲ್ಲಿ ಚಿತ್ರ ಹಿಗ್ಗಿಸುತ್ತಾಳೆ. ಅಂಕಿಗಳೇನೋ ಕಾಣುತ್ತವೆ. ಆದರೆ ಅವು ಎಷ್ಟು ಗ್ರಾಂ ತಿಂಡಿಯ ಅಂಕಿಗಳು ಎಂದು ಹೇಳುವ ಮೇಲಿನ ಸಾಲು ಫೋಟೊದಲ್ಲಿ ಬಿಟ್ಟುಹೋಗಿರುತ್ತದೆ.

ಇಡೀ ಪಟ್ಟಿಯ ಬೀಗದ ಕೈ ಇರುವುದು ಆ ಸಾಲಿನಲ್ಲೇ. ಎಫ್‌ಎಸ್‌ಎಸ್‌ಎಐನ 2020ರ ಲೇಬಲ್ ನಿಯಮದ ಪ್ರಕಾರ ಭಾರತದ ಪೊಟ್ಟಣಗಳು ಸಾಮಾನ್ಯವಾಗಿ ಪೋಷಕಾಂಶಗಳನ್ನು 100 ಗ್ರಾಂ ಅಥವಾ 100 ಮಿ.ಲೀ. ಲೆಕ್ಕದಲ್ಲಿ ಕೊಡುತ್ತವೆ. ಪಕ್ಕದ ಆರ್‌ಡಿಎ ಶೇಕಡಾವಾರು ಮಾತ್ರ ಒಂದು ‘ಸರ್ವ್’, ಅಂದರೆ ಒಂದು ಸಲಕ್ಕೆ ತಿನ್ನುವ ಪ್ರಮಾಣದ ಲೆಕ್ಕ. ಒಂದೇ ಪಟ್ಟಿಯಲ್ಲಿ ಎರಡು ಅಳತೆ. ಎಡಗಡೆಯ ಅಂಕಿಯನ್ನೂ ಬಲಗಡೆಯ ಶೇಕಡಾವನ್ನೂ ಒಟ್ಟಿಗೆ ಓದಿದವರು ಎಡವುವುದು ಇಲ್ಲೇ.

200 ಗ್ರಾಂನ ಖಾರಾ ಮಿಕ್ಸ್ಚರ್ ಪೊಟ್ಟಣವೊಂದನ್ನು ಊಹಿಸಿಕೊಳ್ಳೋಣ. 100 ಗ್ರಾಂಗೆ ಶಕ್ತಿ 543 ಕಿಲೋಕ್ಯಾಲರಿ, ಪ್ರೋಟೀನ್ 12 ಗ್ರಾಂ, ಕಾರ್ಬೋಹೈಡ್ರೇಟ್ 45 ಗ್ರಾಂ, ಕೊಬ್ಬು 35 ಗ್ರಾಂ, ಸೋಡಿಯಂ 850 ಮಿಲಿಗ್ರಾಂ ಎಂದಿದೆ. ಒಂದು ಸರ್ವ್ ಅಂದರೆ 20 ಗ್ರಾಂ. ಶೇಕಡಾ ಕಾಲಂನಲ್ಲಿ ಕೊಬ್ಬಿಗೆ ಸುಮಾರು 10, ಸೋಡಿಯಂಗೆ 8.5. ಪರವಾಗಿಲ್ಲ ಅನ್ನಿಸುತ್ತದೆ.

ಆದರೆ 20 ಗ್ರಾಂ ಮಿಕ್ಸ್ಚರ್ ಅಂದರೆ ಒಂದು ಸಣ್ಣ ಹಿಡಿ. ಕಾಫಿ ಜೊತೆ ಬಟ್ಟಲಲ್ಲಿ ಹಾಕಿಕೊಂಡು ಕೂತವರು ಅಷ್ಟಕ್ಕೇ ಏಳುತ್ತಾರೆಯೇ? 60 ಗ್ರಾಂ ತಿಂದರೆ ಎಲ್ಲವೂ ಮೂರು ಪಟ್ಟು: ಕೊಬ್ಬು 21 ಗ್ರಾಂ, ಅಂದರೆ ದಿನದ ಲೆಕ್ಕದ ಶೇ. 31. ಸೋಡಿಯಂ 510 ಮಿಲಿಗ್ರಾಂ, ಶೇ. 25ಕ್ಕೂ ಮೇಲೆ. ಸೋಡಿಯಂ ಅನ್ನು ಎರಡೂವರೆಯಿಂದ ಗುಣಿಸಿದರೆ ಉಪ್ಪಿನ ಲೆಕ್ಕ ಸಿಗುತ್ತದೆ. ಇಲ್ಲಿ ಅದು ಸುಮಾರು 1.3 ಗ್ರಾಂ. ದಿನಕ್ಕೆ 5 ಗ್ರಾಂ ಮೀರಬಾರದು ಎನ್ನುವ ಉಪ್ಪಿನಲ್ಲಿ ಕಾಲು ಭಾಗ ಸಂಜೆ ಕಾಫಿಗೇ ಮುಗಿಯಿತು, ಸಾರು, ಉಪ್ಪಿನಕಾಯಿ ಇನ್ನೂ ಬಾಕಿ. ಸರ್ವ್ ಎಷ್ಟು ಎಂದು ಇಲ್ಲಿ ನಿರ್ಧರಿಸುವುದು ಕಂಪನಿ. ಅದು ಚಿಕ್ಕದಾದಷ್ಟೂ ಶೇಕಡಾ ಸೌಮ್ಯವಾಗಿ ಕಾಣುತ್ತದೆ.

ಹೊಳೆಯುವ ಪ್ಲಾಸ್ಟಿಕ್ ಮೇಲೆ ಬೆಳಕು ಬಿದ್ದರೆ ಫೋಟೊದಲ್ಲಿ ದಶಮಾಂಶದ ಚುಕ್ಕೆ ಮಾಯವಾಗುವುದೂ ಉಂಟು. ಕೊಬ್ಬು 35 ಗ್ರಾಮೋ 3.5 ಗ್ರಾಮೋ? ಪೊಟ್ಟಣ ಕೈಯಲ್ಲಿಲ್ಲದಿದ್ದರೂ ಇದನ್ನು ಪತ್ತೆ ಮಾಡಬಹುದು. ಪ್ರೋಟೀನ್ ಮತ್ತು ಕಾರ್ಬೋಹೈಡ್ರೇಟ್ ಗ್ರಾಂಗೆ 4 ಕಿಲೋಕ್ಯಾಲರಿ ಕೊಡುತ್ತವೆ, ಕೊಬ್ಬು 9. ಹಾಗಾಗಿ 12ಕ್ಕೆ 48, 45ಕ್ಕೆ 180, 35ಕ್ಕೆ 315, ಕೂಡಿದರೆ 543. ಶಕ್ತಿಯ ಸಾಲಿಗೆ ಸರಿಯಾಗಿ ಕೂತಿತು. 3.5 ಎಂದು ಹಿಡಿದರೆ ಮೊತ್ತ 260ರ ಆಸುಪಾಸಿನಲ್ಲೇ ನಿಲ್ಲುತ್ತದೆ. ನಾರಿನಂಶ ಹೆಚ್ಚಿರುವ ತಿಂಡಿಯಲ್ಲಿ ಸ್ವಲ್ಪ ವ್ಯತ್ಯಾಸ ಬರಬಹುದು, ಇಷ್ಟು ದೊಡ್ಡ ಅಂತರ ಬರುವುದಿಲ್ಲ. ಸೋಡಿಯಂಗೆ ಮಾತ್ರ ಈ ಪರೀಕ್ಷೆ ನಡೆಯದು, ಅದರಲ್ಲಿ ಕ್ಯಾಲರಿಯೇ ಇಲ್ಲ. ಅದು ಮಸುಕಾಗಿದ್ದರೆ ಇನ್ನೊಂದು ಫೋಟೊ ಕೇಳುವುದೇ ದಾರಿ.

ಶೇಕಡಾ ಯಾರ ದಿನದ್ದು ಎಂಬ ಪ್ರಶ್ನೆಯೂ ಇದೆ. ಲೇಬಲ್‌ನ ಲೆಕ್ಕ ನಿಂತಿರುವುದು 2000 ಕಿಲೋಕ್ಯಾಲರಿ, 67 ಗ್ರಾಂ ಕೊಬ್ಬು, 2000 ಮಿಲಿಗ್ರಾಂ ಸೋಡಿಯಂ ಎಂಬ ಸರಾಸರಿ ವಯಸ್ಕರ ಮೇಲೆ. ಕೂತು ಕೆಲಸ ಮಾಡುವ ಹೆಂಗಸಿಗೆ ಐಸಿಎಂಆರ್ 2020ರಲ್ಲಿ ಸೂಚಿಸಿದ್ದು 1660 ಕಿಲೋಕ್ಯಾಲರಿ. ಅದೇ ಬಟ್ಟಲು ಮಿಕ್ಸ್ಚರ್ ಲೇಬಲ್ ಲೆಕ್ಕದಲ್ಲಿ ದಿನದ ಶಕ್ತಿಯ ಶೇ. 16 ಆದರೆ ಆಕೆಗೆ ಶೇ. 20ರ ಹತ್ತಿರ. ಐದು ವರ್ಷದ ಮಗುವಿಗಂತೂ ಆ ಕಾಲಂ ಅನ್ವಯವೇ ಆಗದು. ಇನ್ನು ಸೋಡಿಯಂನ ನೂರು ಶೇಕಡಾ ಅಂದರೆ ಮುಟ್ಟಬೇಕಾದ ಗುರಿಯಲ್ಲ, ದಾಟಬಾರದ ಗೆರೆ.

ಅಮೆರಿಕದಿಂದ ಮಗ ಕಳಿಸಿದ ಫೋಟೊ ಜೊತೆ ಇದನ್ನು ಹೋಲಿಸಲು ಹೊರಟರೆ ಮತ್ತೊಂದು ತೊಡಕು. ಅಲ್ಲಿನ ಅಂಕಿಗಳು ಮುಖ್ಯವಾಗಿ ಒಂದು ಸರ್ವಿಂಗ್‌ಗೆ, ಸೋಡಿಯಂನ ದಿನದ ಮಿತಿ 2300 ಮಿಲಿಗ್ರಾಂ. ಅದೇ ಹಿಡಿ ಮಿಕ್ಸ್ಚರ್ ಇಲ್ಲಿ ಶೇ. 8.5, ಅಲ್ಲಿ ಶೇ. 7. ಹೋಲಿಸುವುದಿದ್ದರೆ ಶೇಕಡಾ ಬಿಟ್ಟು, ಎರಡನ್ನೂ 100 ಗ್ರಾಂಗೆ ಇಳಿಸಿ ಮಿಲಿಗ್ರಾಂ ನೋಡಬೇಕು.

‘ಕೊಲೆಸ್ಟ್ರಾಲ್ 0’ ಎಂಬ ಸಾಲಿಗೆ ಮರುಳಾಗುವವರೂ ಬಹಳ. ಗಿಡದ ಎಣ್ಣೆಗಳಲ್ಲಿ ಹೆಚ್ಚುಕಡಿಮೆ ಕೊಲೆಸ್ಟ್ರಾಲೇ ಇರುವುದಿಲ್ಲ, ಅದರಲ್ಲಿ ಕಂಪನಿಯ ಹೆಚ್ಚುಗಾರಿಕೆ ಏನೂ ಇಲ್ಲ. ಪಾಮ್ ಎಣ್ಣೆಯ ಕೊಬ್ಬಿನಲ್ಲಿ ಸುಮಾರು ಅರ್ಧ ಸ್ಯಾಚುರೇಟೆಡ್. ಹೃದಯದ ತೊಂದರೆ ಇರುವವರು ನೋಡಬೇಕಾದದ್ದು ಆ ಸಾಲು. ಯಾವ ಎಣ್ಣೆ ಎಂಬುದು ಪೋಷಕಾಂಶದ ಪಟ್ಟಿಯಲ್ಲಿ ಇರುವುದೇ ಇಲ್ಲ. ಅದಕ್ಕೆ ಪದಾರ್ಥಗಳ ಪಟ್ಟಿಯ ಫೋಟೊ ಬೇರೆ ತರಿಸಬೇಕು. ಅಲ್ಲಿ ತೂಕದಲ್ಲಿ ಹೆಚ್ಚಿರುವುದರ ಹೆಸರು ಮೊದಲು ಬರುತ್ತದೆ, ಕಡಲೆಹಿಟ್ಟಿನ ಬೆನ್ನಿಗೇ ಪಾಮ್ ಎಣ್ಣೆ ಕಂಡರೆ ಅಪ್ಪನ ಬಟ್ಟಲಿಗೆ ಎಷ್ಟು ಹಾಕಬೇಕೆಂದು ಮಗಳು ಅಲ್ಲಿಂದಲೇ ಹೇಳಬಹುದು.