ರೈಲಿನಲ್ಲಿ ಬೈಕು ಕಳಿಸುವುದು ಹೇಗೆ?

ಬೆಂಗಳೂರಿನಲ್ಲಿದ್ದ ಶಿಕ್ಷಕರೊಬ್ಬರಿಗೆ ಕಲಬುರಗಿಗೆ ವರ್ಗವಾಗಿದೆ ಎಂದುಕೊಳ್ಳೋಣ. ಮನೆ ಸಾಮಾನು ಲಾರಿಯಲ್ಲಿ ಹೋಯಿತು, ಬೈಕು ಉಳಿಯಿತು. ಮುಂಬೈಗೆ ಹೋಗುವ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ತಮಗೆ ಸೀಟು ಸಿಕ್ಕಿದೆ, ಅದೇ ರೈಲಿಗೆ ಬೈಕನ್ನೂ ಹಾಕಿಬಿಟ್ಟರೆ ಬೆಳಿಗ್ಗೆ ಇಳಿದು ಅದರಲ್ಲೇ ಮನೆಗೆ ಹೋಗಬಹುದು ಎಂಬುದು ಅವರ ಲೆಕ್ಕ. ಈ ಲೆಕ್ಕ ಸರಿಹೋಗುವುದೂ ಉಂಟು, ತಪ್ಪುವುದೂ ಉಂಟು. ಎಲ್ಲಿ ತಪ್ಪುತ್ತದೆ ಎಂದು ಮೊದಲೇ ಗೊತ್ತಿದ್ದರೆ ಪರದಾಟ ತಪ್ಪುತ್ತದೆ.

ರೈಲ್ವೆ ಬೈಕನ್ನು ಎರಡು ಬಗೆಯಲ್ಲಿ ಸಾಗಿಸುತ್ತದೆ. ಪ್ರಯಾಣದ ಟಿಕೆಟ್ ತೋರಿಸಿ, ನೀವು ಹೋಗುವ ರೈಲಿಗೇ ಬುಕ್ ಮಾಡಿದರೆ ಅದು ಲಗೇಜು. ನೀವು ಹೋಗದೆ ಬೈಕನ್ನಷ್ಟೇ ಕಳಿಸಿದರೆ ಅದು ಪಾರ್ಸೆಲ್. ಅದಕ್ಕೆ ಟಿಕೆಟ್ ಬೇಕಿಲ್ಲ, ದರವೂ ಕಡಿಮೆ. ಲಗೇಜಿಗೆ ದರ ಹೆಚ್ಚು, ಆದರೆ ಜಾಗ ಕೊಡುವಾಗ ಅದಕ್ಕೆ ಮೊದಲ ಮಣೆ. ಪ್ರಯಾಣಿಕರಿಗೆ ಇಷ್ಟು ಕಿಲೋ ಸಾಮಾನು ಉಚಿತ ಎಂಬ ನಿಯಮ ಬೈಕಿಗೂ ಸೈಕಲ್ಲಿಗೂ ಅನ್ವಯಿಸುವುದಿಲ್ಲ. ಟಿಕೆಟ್ ಇದ್ದರೂ ಪೂರ್ತಿ ದರ ಕೊಡಬೇಕು.

ಜಾಗದ ವಿಷಯವೇ ಇಲ್ಲಿ ಮುಖ್ಯ. ಬಹುತೇಕ ರೈಲುಗಳ ಮೊದಲ ಮತ್ತು ಕೊನೆಯ ತುದಿಯಲ್ಲಿರುವ ಡಬ್ಬಿಯೊಳಗೆ ಗಾರ್ಡಿನ ಕೋಣೆಯ ಜೊತೆಗೆ ಸಾಮಾನಿನ ಕೋಣೆ ಇರುತ್ತದೆ. ಸಾಮಾನ್ಯವಾಗಿ ಅಂಥ ಒಂದು ಕೋಣೆ ಹಿಡಿಸುವುದು ಸುಮಾರು 4 ಟನ್. ಅದರಲ್ಲೂ ಹಲವು ಕೋಣೆಗಳನ್ನು ಖಾಸಗಿ ಸಾಗಣೆದಾರರಿಗೆ ಗುತ್ತಿಗೆಗೆ ಕೊಟ್ಟಿರುತ್ತಾರೆ. ಉಳಿದ ಜಾಗದಲ್ಲಿ ಹೂವು, ಹಣ್ಣು, ಮೀನು, ಬಟ್ಟೆಯ ಮೂಟೆ ಎಲ್ಲವೂ ಹೋಗಬೇಕು. ಹಾಗಾಗಿ ಹಬ್ಬದ ದಿನಗಳಲ್ಲಿ, ಕಾಲೇಜು ಶುರುವಾಗುವ ಹೊತ್ತಿನಲ್ಲಿ ರಸೀದಿ ಕೈಯಲ್ಲಿದ್ದರೂ ಬೈಕು ಪ್ಲಾಟ್‌ಫಾರ್ಮಿನಲ್ಲೇ ಉಳಿದು ಮರುದಿನದ ರೈಲಿಗೆ ಹೋಗಬಹುದು. ಶಿಕ್ಷಕರು ಹೊರಡುವ ಹಿಂದಿನ ದಿನವೇ ಪಾರ್ಸೆಲ್ ಆಫೀಸಿಗೆ ಹೋಗಿ, ಈ ರೈಲಿನಲ್ಲಿ ಜಾಗ ಸಿಗುತ್ತದೆಯೇ, ಕಲಬುರಗಿಗೆ ಬುಕ್ ಮಾಡುತ್ತಾರೆಯೇ ಎಂದು ಕೇಳಿಕೊಂಡು ಬರುವುದು ಒಳ್ಳೆಯದು. ಎರಡನೆಯ ಪ್ರಶ್ನೆಯನ್ನು ಬಿಡಬೇಡಿ. ರೈಲು ಐದು ನಿಮಿಷಕ್ಕಿಂತ ಕಡಿಮೆ ನಿಲ್ಲುವ ಊರುಗಳಿಗೆ ಸಾಮಾನ್ಯವಾಗಿ ಬೈಕು ಬುಕ್ ಮಾಡುವುದಿಲ್ಲ, ಇಳಿಸಲು ಸಮಯ ಸಾಲುವುದಿಲ್ಲ. ನಿಮ್ಮ ಊರಿಗೆ ಆಗದಿದ್ದರೆ ಹತ್ತಿರದ ದೊಡ್ಡ ನಿಲ್ದಾಣಕ್ಕೆ ಕಳಿಸಬೇಕಾಗುತ್ತದೆ.

ಇನ್ನು ಆ ಆಫೀಸನ್ನು ಹುಡುಕುವ ಕೆಲಸ. ಟಿಕೆಟ್ ಕೌಂಟರಿನ ಸಾಲಿನಲ್ಲಿ ಅದು ಸಿಗುವುದಿಲ್ಲ. ಲಾರಿ, ಟೆಂಪೋ ಒಳಬರಬೇಕಾದ್ದರಿಂದ ದೊಡ್ಡ ನಿಲ್ದಾಣಗಳಲ್ಲಿ ಅದಕ್ಕೆ ಬೇರೆಯೇ ಗೇಟು ಇರುತ್ತದೆ. ಹೆಚ್ಚಿನ ಕಡೆ ಒಂದನೇ ಪ್ಲಾಟ್‌ಫಾರ್ಮಿನ ಒಂದು ತುದಿಯಲ್ಲಿ, ಜನ ಓಡಾಡುವ ಮುಖ್ಯ ಬಾಗಿಲಿನಿಂದ ದೂರದಲ್ಲಿರುತ್ತದೆ. ಗೋಣಿತಾಟು ಸುತ್ತಿ ಸಾಲಾಗಿ ನಿಲ್ಲಿಸಿದ ಬೈಕುಗಳು, ತಳ್ಳುಗಾಡಿಗಳು ಕಂಡರೆ ಅಲ್ಲಿಗೆ ಬಂದಿರಿ ಎಂದೇ ಅರ್ಥ. ಒಳಬರುವ ಸಾಮಾನಿಗೂ ಹೊರಹೋಗುವ ಸಾಮಾನಿಗೂ ಕೌಂಟರು ಬೇರೆ ಬೇರೆ ಇರಬಹುದು, ಕೇಳಿಕೊಂಡೇ ನಿಲ್ಲಿ. ಗೇಟಿನ ಹೊರಗೆ ‘ನಾನೇ ಎಲ್ಲಾ ಮಾಡಿಸಿಕೊಡ್ತೀನಿ ಸಾರ್’ ಎಂದು ಬರುವವರಿಗೆ ಪ್ಯಾಕಿಂಗ್ ಕೂಲಿ ಬಿಟ್ಟು ಬೇರೆ ದುಡ್ಡು ಕೊಡಬೇಡಿ. ಸಾಗಣೆಯ ಹಣ ಕೌಂಟರಿನಲ್ಲೇ ಕಟ್ಟಿ, ರೈಲ್ವೆಯ ರಸೀದಿಯನ್ನೇ ಪಡೆಯಬೇಕು. ಗುತ್ತಿಗೆಯ ಸಾಗಣೆದಾರರು ಕೊಡುವ ಚೀಟಿ ರೈಲ್ವೆ ರಸೀದಿಯಲ್ಲ. ಅವರ ಕೈಗೆ ಕೊಟ್ಟ ಬೈಕಿಗೆ ಉತ್ತರ ಹೇಳಬೇಕಾದವರು ಅವರೇ.

ಜೊತೆಗೆ ಒಯ್ಯಬೇಕಾದ್ದು ಆರ್‌ಸಿ ಮತ್ತು ವಿಮೆಯ ಪ್ರತಿ, ಗುರುತಿನ ಚೀಟಿ, ಲಗೇಜಾದರೆ ಟಿಕೆಟ್. ಮೂಲ ಆರ್‌ಸಿಯೂ ಕೈಯಲ್ಲಿರಲಿ, ತೋರಿಸಿ ಎಂದರೆ ಮನೆಗೆ ಓಡುವುದು ತಪ್ಪುತ್ತದೆ.

ಪೆಟ್ರೋಲಿನ ವಿಷಯದಲ್ಲಿ ರಿಯಾಯಿತಿ ಇಲ್ಲ. ಟ್ಯಾಂಕು ಪೂರ್ತಿ ಖಾಲಿಯಾಗಿರಬೇಕು, ಇಲ್ಲದಿದ್ದರೆ 1,000 ರೂಪಾಯಿವರೆಗೆ ದಂಡ ಬೀಳಬಹುದು. ಮುಚ್ಚಿದ ಡಬ್ಬಿಯಲ್ಲಿ ಮೂಟೆಗಳ ನಡುವೆ ಪೆಟ್ರೋಲ್ ಆವಿ ತುಂಬಿದರೆ ಒಂದು ಕಿಡಿ ಸಾಕು, ಆ ಡಬ್ಬಿಯ ಪಕ್ಕದಲ್ಲೇ ಜನ ಕೂತಿರುತ್ತಾರೆ. ಹಳೆಯ ಬೈಕಾದರೆ ಕಾಕ್‌ನಿಂದ ಪೈಪು ಕಳಚಿ ಬಾಟಲಿಗೆ ಇಳಿಸಬಹುದು. ಈಗಿನ ಫ್ಯೂಯೆಲ್ ಇಂಜೆಕ್ಷನ್ ಬೈಕುಗಳಲ್ಲಿ ಆ ಕಾಕ್ ಇರುವುದಿಲ್ಲ, ಮೆಕ್ಯಾನಿಕ್‌ ಬಳಿ ತೆಗೆಸುವುದೇ ಸರಿ. ಒಂದು ವಾರ ಮೊದಲಿನಿಂದಲೇ ಕಡಿಮೆ ಪೆಟ್ರೋಲ್ ಹಾಕಿಸುತ್ತ ಬಂದರೆ ಕೊನೆಗೆ ತೆಗೆಯಬೇಕಾದ್ದು ಸ್ವಲ್ಪವೇ ಉಳಿಯುತ್ತದೆ.

ಪ್ಯಾಕಿಂಗ್ ಮಾಡುವವರು ಆಫೀಸಿನ ಹೊರಗೇ ಇರುತ್ತಾರೆ. ಕೂಲಿ ಮೊದಲೇ ಮಾತಾಡಿಕೊಳ್ಳಿ, ಪಕ್ಕದಲ್ಲೇ ನಿಂತು ನೋಡಿ. ಕನ್ನಡಿಗಳನ್ನು ಬಿಚ್ಚಿಟ್ಟುಕೊಳ್ಳಿ. ಹೆಡ್‌ಲೈಟು, ಇಂಡಿಕೇಟರು, ಟ್ಯಾಂಕಿಗೆ ಮೊದಲು ರಟ್ಟು ಅಥವಾ ಹುಲ್ಲು, ಅದರ ಮೇಲೆ ಗೋಣಿ, ಆಮೇಲೆ ಬಿಗಿಯಾದ ಹೊಲಿಗೆ. ಎಷ್ಟೋ ಜನ ಹ್ಯಾಂಡಲ್ ಲಾಕ್ ಮಾಡಿ ಕೀಲಿ ಜೇಬಿಗೆ ಹಾಕಿಕೊಂಡು ಹೋಗಿಬಿಡುತ್ತಾರೆ. ಹಾಗೆ ಮಾಡಿದರೆ ಹಮಾಲರು ಬೈಕನ್ನು ಎಳೆದಾಡಬೇಕಾಗುತ್ತದೆ, ಅದರಲ್ಲೇ ಪೆಟ್ಟು ಬೀಳುವುದು. ಲಾಕ್ ತೆಗೆದು, ನ್ಯೂಟ್ರಲ್‌ಗೆ ಹಾಕಿ, ಚಕ್ರ ಸಲೀಸಾಗಿ ತಿರುಗುವಂತೆ ಬಿಡಿ. ಸೈಕಲ್ಲಾದರೆ ಪೆಡಲು ಬಿಚ್ಚಿ, ಹ್ಯಾಂಡಲನ್ನು ಚಕ್ರಕ್ಕೆ ಸಮನಾಗಿ ತಿರುಗಿಸಿ ಕಟ್ಟಿದರೆ ಸಾಕು.

ಗೋಣಿಯ ಮೇಲೆ ‘ಬೆಂಗಳೂರಿನಿಂದ ಕಲಬುರಗಿಗೆ’ ಎಂದು ದೊಡ್ಡದಾಗಿ, ಇಂಗ್ಲಿಷಿನಲ್ಲೂ ಬರೆಸಿ. ಹೆಸರು, ಫೋನು, ಬೈಕಿನ ನಂಬರನ್ನು ಗಟ್ಟಿ ರಟ್ಟಿನ ಚೀಟಿಯಲ್ಲಿ ಬರೆದು ತಂತಿಯಿಂದ ಕಟ್ಟಿ. ಗೋಣಿ ಹರಿದರೂ ಚೀಟಿ ಉಳಿಯಬೇಕು.

ಕೌಂಟರಿನಲ್ಲಿ ಅರ್ಜಿ ತುಂಬುವಾಗ ಬೈಕಿನ ಬೆಲೆ ನಮೂದಿಸುವ ಜಾಗವಿರುತ್ತದೆ. ಹೆಚ್ಚಿನವರು ಅದನ್ನು ಯೋಚಿಸದೆ ಖಾಲಿ ಬಿಡುತ್ತಾರೆ. ಬೆಲೆ ಘೋಷಿಸದೆ ಕಳಿಸಿದ ಪಾರ್ಸೆಲ್ ಕಳೆದರೆ ರೈಲ್ವೆಯ ಹೊಣೆ ಕಿಲೋಗೆ 50 ರೂಪಾಯಿ, ಲಗೇಜಾದರೆ 100 ರೂಪಾಯಿ ಮಾತ್ರ. ಶಿಕ್ಷಕರ ಬೈಕು 140 ಕಿಲೋ ಎಂದಿಟ್ಟುಕೊಂಡರೆ ಪಾರ್ಸೆಲ್ಲಿಗೆ 7,000, ಲಗೇಜಿಗೆ 14,000 ರೂಪಾಯಿ. ಅರವತ್ತು ಸಾವಿರದ ಬೈಕಿಗೆ ಇದು ಏನೇನೂ ಅಲ್ಲ. ಮಿತಿಯ ಮೇಲಿನ ಬೆಲೆಗೆ ಸಣ್ಣ ಶೇಕಡಾವಾರು ಶುಲ್ಕ ಕಟ್ಟಿ ಪೂರ್ತಿ ಬೆಲೆ ಘೋಷಿಸುವುದೇ ಜಾಣತನ.

ರಸೀದಿ ಸಿಕ್ಕ ಮೇಲೆ ಬೈಕನ್ನು ಹತ್ತಿಸುವುದು ಪಾರ್ಸೆಲ್ ಹಮಾಲರು. ಆದರೂ ರೈಲು ಬಂದಾಗ ಶಿಕ್ಷಕರು ತಮ್ಮ ಸೀಟಿಗೆ ಹೋಗುವ ಮೊದಲು ಸಾಮಾನಿನ ಡಬ್ಬಿಯ ಬಳಿ ನಿಂತು, ಬೈಕು ಒಳಗೆ ಹೋದದ್ದನ್ನು ಕಣ್ಣಾರೆ ನೋಡಬೇಕು. ಮುಂದಿನ ಡಬ್ಬಿಯೋ ಹಿಂದಿನದೋ ಎಂದೂ ನೆನಪಿಟ್ಟುಕೊಳ್ಳಬೇಕು. ಕಲಬುರಗಿ ನಡುವಿನ ನಿಲ್ದಾಣ. ಬೈಕು ಮುಂಬೈ ಮೂಟೆಗಳ ಹಿಂದೆ ಸಿಕ್ಕಿಕೊಂಡರೆ ಇಳಿಸಲು ಆಗದೆ ಸೋಲಾಪುರದ ಕಡೆಗೆ ಹೋಗಿಬಿಡಬಹುದು. ಇಳಿದ ಕೂಡಲೇ ಆ ಡಬ್ಬಿಯತ್ತ ನಡೆದರೆ ಗೊತ್ತಾಗುತ್ತದೆ. ಬೈಕು ಇಳಿಯದಿದ್ದರೆ ಅಲ್ಲಿನ ಪಾರ್ಸೆಲ್ ಆಫೀಸಿಗೆ ಆಗಲೇ ರಸೀದಿ ನಂಬರು ಕೊಡಬೇಕು. ಅವರು ಮುಂದಿನ ನಿಲ್ದಾಣಕ್ಕೆ ತಿಳಿಸಿ ವಾಪಸು ತರಿಸುತ್ತಾರೆ. ಪಾರ್ಸೆಲ್ ಎಲ್ಲಿದೆ ಎಂದು parcel.indianrail.gov.in ತಾಣದಲ್ಲೂ ನೋಡಬಹುದು.

ಬಿಡಿಸಿಕೊಳ್ಳಲು ಮೂಲ ರಸೀದಿ, ಗುರುತಿನ ಚೀಟಿ ಬೇಕು. ರಸೀದಿ ಕಳೆದರೆ ಛಾಪಾ ಕಾಗದದಲ್ಲಿ ಮುಚ್ಚಳಿಕೆ ಬರೆದುಕೊಡಬೇಕಾಗುತ್ತದೆ. ಬಂದ ಬೈಕನ್ನು ತಡವಾಗಿ ಒಯ್ದರೆ ಗಂಟೆಗಳ ಲೆಕ್ಕದಲ್ಲಿ ಬಾಡಿಗೆ ಬೀಳುತ್ತದೆ. ಹಾಗೆಂದು ಅವಸರದಲ್ಲಿ ಸಹಿ ಹಾಕಬೇಡಿ. ಗೋಣಿ ಹರಿದಿದ್ದರೆ, ಏನಾದರೂ ಮುರಿದಿದ್ದರೆ ಅಲ್ಲೇ ಬಿಚ್ಚಿಸಿ, ಹಾನಿಯನ್ನು ಬರವಣಿಗೆಯಲ್ಲಿ ದಾಖಲಿಸಿದ ಮೇಲಷ್ಟೇ ಪಡೆಯಿರಿ. ಇದನ್ನು ಕೇಳುವ ಅವಕಾಶ ರೈಲ್ವೆ ಕಾಯ್ದೆಯಲ್ಲೇ ಇದೆ. ಪರಿಹಾರದ ಅರ್ಜಿಯನ್ನು ಬುಕ್ ಮಾಡಿದ ದಿನದಿಂದ ಆರು ತಿಂಗಳೊಳಗೆ ರೈಲ್ವೆಗೆ ಲಿಖಿತವಾಗಿ ಕೊಡಬೇಕು.