ಆ್ಯಪ್ ಅಳಿಸುವ ಮುನ್ನ ಹನ್ನೆರಡು ಪದ

ಹೊಸ ಫೋನ್ ಬಂದಾಗಲೋ, ಕ್ರಿಪ್ಟೊ ಸಹವಾಸವೇ ಸಾಕು ಅನ್ನಿಸಿದಾಗಲೋ ವಾಲೆಟ್ ಆ್ಯಪನ್ನು ಫೋನಿನಿಂದ ತೆಗೆಯಬೇಕೆನಿಸುತ್ತದೆ. ಆಗ ಎಲ್ಲರೂ ಕೇಳುವುದು ಒಂದೇ: ಡಿಲೀಟ್ ಮಾಡಿದರೆ ದುಡ್ಡು ಹೋಗುತ್ತದಾ? ಅಸಲಿಗೆ ದುಡ್ಡು ಆ್ಯಪ್ ಒಳಗೆ ಇರುವುದೇ ಇಲ್ಲ. ಅದು ಬ್ಲಾಕ್‌ಚೈನ್ ಎಂಬ ಸಾರ್ವಜನಿಕ ಲೆಕ್ಕದ ಪುಸ್ತಕದಲ್ಲಿ ನಿಮ್ಮ ವಿಳಾಸದ ಹೆಸರಿನಲ್ಲಿ ದಾಖಲಾಗಿರುತ್ತದೆ. ಆ ವಿಳಾಸದಿಂದ ದುಡ್ಡು ಹೊರಡಿಸಲು ಬೇಕಾದ ಗುಪ್ತ ಕೀ ಮಾತ್ರ ಫೋನಿನಲ್ಲಿರುತ್ತದೆ. ಆ್ಯಪ್ ಅಳಿಸಿದರೆ ಅಳಿಯುವುದು ಆ ಕೀಯ ಒಂದು ಪ್ರತಿ. ಇನ್ನೊಂದು ಪ್ರತಿ ನಿಮ್ಮ ಬಳಿ ಇದ್ದರೆ ಏನೂ ಆಗುವುದಿಲ್ಲ. ಇಲ್ಲದಿದ್ದರೆ ದುಡ್ಡು ಕಣ್ಣಿಗೆ ಕಾಣುತ್ತಲೇ ಇರುತ್ತದೆ, ಕೈಗೆ ಬರುವುದಿಲ್ಲ. ದೂರು ಕೊಡಲು ಬ್ಯಾಂಕ್ ಇಲ್ಲ, ‘ಪಾಸ್‌ವರ್ಡ್ ಮರೆತಿದ್ದೇನೆ’ ಎಂಬ ಬಟನ್ನೂ ಇಲ್ಲ.

ಎಕ್ಸ್‌ಚೇಂಜ್‌ಗಳ ಆ್ಯಪ್‌ಗೆ ಈ ಮಾತು ಅನ್ವಯಿಸುವುದಿಲ್ಲ. ಪ್ಯಾನ್, ಆಧಾರ್ ಕೊಟ್ಟು ಖಾತೆ ತೆರೆದ ಕಡೆ ಕೀ ಇರುವುದು ಕಂಪನಿಯ ಕೈಯಲ್ಲಿ. ಆ್ಯಪ್ ತೆಗೆದರೂ ಮತ್ತೆ ಹಾಕಿಕೊಂಡು ಲಾಗಿನ್ ಆಗಬಹುದು. 2024ರ ಜುಲೈನಲ್ಲಿ ವಜೀರ್‌ಎಕ್ಸ್‌ನಿಂದ 23 ಕೋಟಿ ಡಾಲರ್‌ನಷ್ಟು ಕ್ರಿಪ್ಟೊ ಕಳವಾದಾಗ, ಕೀಯನ್ನು ಬೇರೆಯವರ ಕೈಗೆ ಕೊಟ್ಟರೆ ಏನಾಗಬಹುದು ಎಂಬುದು ನಮ್ಮಲ್ಲೂ ಅನೇಕರ ಅನುಭವಕ್ಕೆ ಬಂತು. ಕೀ ನಮ್ಮ ಬಳಿಯೇ ಇರುವ ಮೆಟಾಮಾಸ್ಕ್, ಟ್ರಸ್ಟ್ ವಾಲೆಟ್‌ನಂಥ ಆ್ಯಪ್‌ಗಳಲ್ಲಿ ಆ ಭಯವಿಲ್ಲ. ಆದರೆ ಜವಾಬ್ದಾರಿಯೂ ಪೂರ್ತಿ ನಮ್ಮದೇ.

ಒಂದು ಉದಾಹರಣೆ ಇಟ್ಟುಕೊಂಡು ನೋಡೋಣ. ಒಬ್ಬರ ಹಳೆಯ ಫೋನಿನಲ್ಲಿ ಮೆಟಾಮಾಸ್ಕ್ ಇದೆ. ಮೊದಲ ಅಕೌಂಟ್‌ನಲ್ಲಿ 300 ಯುಎಸ್‌ಡಿಟಿ ಮತ್ತು 0.03 ಈಥರ್. ಎರಡನೆಯದು ಹಿಂದೆ ಬೇರೊಂದು ವಾಲೆಟ್‌ನಿಂದ ಕೀ ತಂದು ಸೇರಿಸಿದ ಅಕೌಂಟ್; ಅದರಲ್ಲೂ ಸ್ವಲ್ಪ ಈಥರ್ ಇದೆ. ಇದನ್ನೆಲ್ಲ ಹೊಸ ಫೋನಿನ ಹೊಸ ವಾಲೆಟ್‌ಗೆ ಸಾಗಿಸಿ ಹಳೆಯ ಆ್ಯಪ್ ತೆಗೆಯಬೇಕು. ಕಪಾಟಿನಲ್ಲಿ ಹನ್ನೆರಡು ಇಂಗ್ಲಿಷ್ ಪದ ಬರೆದಿಟ್ಟ ಒಂದು ಹಾಳೆ ಇದೆ. ವಾಲೆಟ್ ಶುರು ಮಾಡಿದ ದಿನ ಬರೆದದ್ದು, ಮತ್ತೆ ತೆಗೆದು ನೋಡಿದ್ದಿಲ್ಲ.

ಮೊದಲ ಕೆಲಸ ಆ ಹಾಳೆಯ ಪರೀಕ್ಷೆ. ರಿಕವರಿ ಫ್ರೇಸ್ ಎಂದು ಕರೆಯುವ ಈ ಪದಗಳು 2048 ಪದಗಳ ಒಂದು ನಿಗದಿತ ಪಟ್ಟಿಯಿಂದ ಬರುತ್ತವೆ. ಪಟ್ಟಿಯಲ್ಲಿ ಯಾವ ಎರಡು ಪದಗಳ ಮೊದಲ ನಾಲ್ಕು ಅಕ್ಷರವೂ ಒಂದೇ ಇರದಂತೆ ಆರಿಸಿದ್ದಾರೆ, ಹಾಗಾಗಿ ನಾಲ್ಕು ಅಕ್ಷರ ಸ್ಪಷ್ಟವಾಗಿದ್ದರೆ ಸಾಕು. ಅವಸರದ ಬರಹದಲ್ಲಿ ಆ ನಾಲ್ಕನೆಯ ಅಕ್ಷರವೇ ಕೈಕೊಡುವುದುಂಟು: `walk` ಮತ್ತು `wall` ಎರಡೂ ಪಟ್ಟಿಯಲ್ಲಿವೆ. ಪದಗಳ ಕ್ರಮವೂ ಮುಖ್ಯ. ಹಾಳೆಯಲ್ಲಿ ಎರಡು ಸಾಲಾಗಿ ಬರೆದು ಸಂಖ್ಯೆ ಹಾಕದೆ ಬಿಟ್ಟಿದ್ದರೆ ಮೇಲಿನಿಂದ ಕೆಳಗೆ ಓದಬೇಕೋ ಎಡದಿಂದ ಬಲಕ್ಕೋ ಎಂಬ ಗೊಂದಲ ವರ್ಷಗಳ ಬಳಿಕ ಹುಟ್ಟುತ್ತದೆ.

ಹಳೆಯ ಆ್ಯಪ್ ಇನ್ನೂ ತೆರೆದುಕೊಳ್ಳುತ್ತಿರುವಾಗಲೇ ಈ ಪರೀಕ್ಷೆ ಮುಗಿಯಬೇಕು. ಸೆಟ್ಟಿಂಗ್ಸ್‌ನ ಭದ್ರತಾ ವಿಭಾಗದಲ್ಲಿ `Secret Recovery Phrase` ತೋರಿಸುವ ಆಯ್ಕೆ ಇರುತ್ತದೆ; ಪಾಸ್‌ವರ್ಡ್ ಕೊಟ್ಟರೆ ಪದಗಳು ಕಾಣುತ್ತವೆ. ಅದನ್ನು ಹಾಳೆಯ ಜೊತೆ ಒಂದೊಂದಾಗಿ ತಾಳೆ ನೋಡಬಹುದು. ಆದರೆ ನಿಜವಾದ ಪರೀಕ್ಷೆ ಬೇರೆ. ಇನ್ನೊಂದು ಫೋನಿನಲ್ಲಿ ಅದೇ ಆ್ಯಪ್ ಹಾಕಿ, ಪರದೆ ನೋಡದೆ, ಹಾಳೆಯೊಂದನ್ನೇ ನೋಡಿ ಪದಗಳನ್ನು ಟೈಪ್ ಮಾಡಿ ವಾಲೆಟ್ ಮರಳಿ ತರಬೇಕು. ಮುಂದೊಂದು ದಿನ ನಿಮ್ಮ ಬಳಿ ಉಳಿಯುವುದು ಹಾಳೆ ಮಾತ್ರ, ಪರದೆಯಲ್ಲ.

ಆ್ಯಪ್ ಪದಗಳನ್ನು ಒಪ್ಪಿಕೊಂಡಿತು ಎಂದಮಾತ್ರಕ್ಕೆ ಅವು ಸರಿ ಇವೆ ಎಂದಲ್ಲ. ಹನ್ನೆರಡು ಪದಗಳೊಳಗೆ ತಪ್ಪು ಹಿಡಿಯಲೆಂದೇ ನಾಲ್ಕು ಬಿಟ್‌ಗಳ ಒಂದು ತಪಾಸಣೆ ಅಡಗಿರುತ್ತದೆ. ಪಟ್ಟಿಯಲ್ಲೇ ಇರುವ ಬೇರೆ ಪದವನ್ನು ತಪ್ಪಾಗಿ ಹಾಕಿದರೆ ಹದಿನಾರರಲ್ಲಿ ಹದಿನೈದು ಸಲ ಆ್ಯಪ್ ‘ತಪ್ಪು’ ಎನ್ನುತ್ತದೆ. ಉಳಿದ ಒಂದು ಸಲ ಸದ್ದಿಲ್ಲದೆ ಒಪ್ಪಿಕೊಂಡು ಇನ್ಯಾವುದೋ ಖಾಲಿ ವಾಲೆಟ್ ತೆರೆದು ತೋರಿಸುತ್ತದೆ. ಆದ್ದರಿಂದ ನೋಡಬೇಕಾದದ್ದು ವಿಳಾಸ. `0x` ಎಂದು ಆರಂಭವಾಗುವ 42 ಅಕ್ಷರಗಳ ಆ ವಿಳಾಸ ಎರಡೂ ಫೋನಿನಲ್ಲಿ ಒಂದೇ ಆಗಿದ್ದರೆ ಹಾಳೆ ಪಾಸು.

ಎರಡೂ ಫೋನುಗಳನ್ನು ಪಕ್ಕಪಕ್ಕ ಇಟ್ಟಾಗಲೇ ನಮ್ಮ ಉದಾಹರಣೆಯವರಿಗೆ ಒಂದು ವಿಷಯ ಗೊತ್ತಾಗುತ್ತದೆ. ಮೊದಲ ಅಕೌಂಟ್ ಬಂದಿದೆ, ಎರಡನೆಯದು ಬಂದಿಲ್ಲ. ಹಳೆಯ ಫೋನಿನಲ್ಲಿ ಅದರ ಪಕ್ಕ `Imported` ಎಂಬ ಸಣ್ಣ ಗುರುತಿದೆ. ಪ್ರತ್ಯೇಕ ಕೀ ಕೊಟ್ಟು ಸೇರಿಸಿದ ಅಕೌಂಟ್ ಈ ಹನ್ನೆರಡು ಪದಗಳಿಂದ ಹುಟ್ಟಿದ್ದಲ್ಲ, ಹಾಗಾಗಿ ಈ ಪದಗಳಿಂದ ಅದು ಎಂದೂ ಮರಳುವುದಿಲ್ಲ. ಹಾಳೆ ಸರಿಯಿದ್ದು, ಆ್ಯಪ್ ಸರಿಯಿದ್ದು, ಆದರೂ ದುಡ್ಡು ಕಳೆದುಕೊಳ್ಳುವ ದಾರಿ ಇದು. ‘ಪದ ಬರೆದಿಟ್ಟಿದ್ದೇನಲ್ಲ’ ಎಂಬ ಧೈರ್ಯದಲ್ಲಿ ಆ್ಯಪ್ ತೆಗೆದವರಿಗೆ ಇದು ತಿಳಿಯುವುದು ತಡವಾಗಿ. ಹಾಗೆ ಸೇರಿಸಿದ ಅಕೌಂಟನ್ನು ಖಾಲಿ ಮಾಡಬೇಕು, ಇಲ್ಲವೇ ಅದರ ಕೀಯನ್ನೂ ಬೇರೆಯಾಗಿ ಬರೆದಿಡಬೇಕು. ಆ ಗುರುತಿಲ್ಲದ ಮೂರನೆಯ, ನಾಲ್ಕನೆಯ ಅಕೌಂಟ್‌ಗಳು ಕಾಣದಿದ್ದರೆ ಗಾಬರಿ ಬೇಡ. ಹೊಸ ಅಕೌಂಟ್ ಸೇರಿಸುವ ಬಟನ್ ಒತ್ತುತ್ತ ಹೋದರೆ ಅದೇ ವಿಳಾಸಗಳು ಅದೇ ಕ್ರಮದಲ್ಲಿ ಬರುತ್ತವೆ.

ಇನ್ನು ದುಡ್ಡು ಸಾಗಿಸುವುದು. ಹೊಸ ಫೋನಿನಲ್ಲಿ ಹೊಸ ವಾಲೆಟ್ ತೆರೆದಾಗ ಅದಕ್ಕೆ ಬೇರೆಯೇ ಹನ್ನೆರಡು ಪದಗಳು ಬರುತ್ತವೆ. ದುಡ್ಡು ಅಲ್ಲಿಗೆ ಹೋದ ಮೇಲೆ ಅದನ್ನು ಕಾಯುವುದು ಹೊಸ ಪದಗಳು, ಕಪಾಟಿನ ಹಾಳೆಯಲ್ಲ. ಹಳೆಯ ಹಾಳೆಯನ್ನು ಇಷ್ಟು ಜೋಪಾನವಾಗಿ ಪರೀಕ್ಷಿಸಿ, ಹೊಸ ವಾಲೆಟ್‌ನ ಪದಗಳನ್ನು ‘ಆಮೇಲೆ ಬರೆದರಾಯ್ತು’ ಎಂದು ಮುಂದೂಡಿದರೆ ಮಾಡಿದ್ದೆಲ್ಲ ದಂಡ. ಅದಕ್ಕೂ ಇದೇ ಪರೀಕ್ಷೆ ನಡೆಯಬೇಕು, ಅದೂ ದುಡ್ಡು ಕಳಿಸುವುದಕ್ಕೆ ಮೊದಲು. ವಾಲೆಟ್ ಖಾಲಿ ಇರುವಾಗ ಆ್ಯಪ್ ಅಳಿಸಿ ಮತ್ತೆ ತಂದು ನೋಡಿದರೂ ಕಳೆದುಕೊಳ್ಳುವುದು ಏನೂ ಇಲ್ಲ.

ಸಾಗಿಸುವ ಕ್ರಮವೂ ಒಂದಿದೆ: ಟೋಕನ್ ಮೊದಲು, ಈಥರ್ ಕೊನೆಗೆ. ಇಥೀರಿಯಂ ಜಾಲದಲ್ಲಿ ಏನೇ ಕಳಿಸಿದರೂ ಶುಲ್ಕ ಸಾಮಾನ್ಯವಾಗಿ ಈಥರ್‌ನಲ್ಲೇ ಹೋಗುತ್ತದೆ. ಅದನ್ನೇ ಗ್ಯಾಸ್ ಎನ್ನುವುದು. ಅವಸರದಲ್ಲಿ 0.03 ಈಥರ್ ಪೂರ್ತಿ ಮೊದಲು ಕಳಿಸಿಬಿಟ್ಟರೆ 300 ಯುಎಸ್‌ಡಿಟಿ ಅಲ್ಲೇ ಕೂರುತ್ತದೆ, ಹೊರಡಲು ಬಸ್ ಚಾರ್ಜಿಲ್ಲದ ಪ್ರಯಾಣಿಕನ ಹಾಗೆ. ಮತ್ತೆ ಎಲ್ಲಿಂದಲೋ ಸ್ವಲ್ಪ ಈಥರ್ ತರಿಸಿಕೊಂಡೇ ಬಿಡಿಸಬೇಕು. ಯುಎಸ್‌ಡಿಟಿಯಂಥ ಟೋಕನ್ ಕಳಿಸಲು ಬರೀ ಈಥರ್ ಕಳಿಸುವುದಕ್ಕಿಂತ ಎರಡು ಮೂರು ಪಟ್ಟು ಗ್ಯಾಸ್ ಬೇಕಾಗುತ್ತದೆ ಎಂಬುದೂ ನೆನಪಿರಲಿ. ಮೊದಲು 5 ಯುಎಸ್‌ಡಿಟಿ ಮಾತ್ರ ಕಳಿಸಿ, ಹೊಸ ಫೋನಿನಲ್ಲಿ ಬಂದದ್ದು ನೋಡಿ, ಈಥರ್‌ಸ್ಕ್ಯಾನ್ ತಾಣದಲ್ಲಿ ಆ ವಹಿವಾಟಿನ ಮುಂದೆ `Success` ಎಂದಿರುವುದನ್ನು ಖಚಿತಪಡಿಸಿಕೊಂಡು, ಆಮೇಲೆ ಉಳಿದ 295 ಕಳಿಸುವುದು ಒಳ್ಳೆಯದು. ಎರಡು ಸಲ ಶುಲ್ಕ ಹೋಗುತ್ತದೆ, ಹೋಗಲಿ.

ಎರಡನೆಯ ಸಲ ಕಳಿಸುವಾಗ ವಿಳಾಸವನ್ನು ಹಳೆಯ ವಹಿವಾಟುಗಳ ಪಟ್ಟಿಯಿಂದ ಕಾಪಿ ಮಾಡಬಾರದು. ನೀವು ಕಳಿಸಿದ ವಿಳಾಸದ ಹಾಗೇ ಆದಿ-ಅಂತ್ಯದ ಅಕ್ಷರಗಳಿರುವ ವಿಳಾಸವೊಂದನ್ನು ಹುಟ್ಟಿಸಿ, ಅದರಿಂದ ಪುಡಿಗಾಸಿನ ವಹಿವಾಟು ಮಾಡಿ ನಿಮ್ಮ ಪಟ್ಟಿಯೊಳಗೆ ತೂರಿಕೊಳ್ಳುವ ಕಳ್ಳರಿದ್ದಾರೆ. 2024ರ ಮೇನಲ್ಲಿ ಒಬ್ಬರು ಹೀಗೆ ಮೋಸಹೋಗಿ ಸುಮಾರು 6.8 ಕೋಟಿ ಡಾಲರ್ ಮೌಲ್ಯದ 1,155 ರ‍್ಯಾಪ್ಡ್ ಬಿಟ್‌ಕಾಯಿನ್‌ಗಳನ್ನು ಕಳ್ಳನ ವಿಳಾಸಕ್ಕೆ ಕಳಿಸಿಬಿಟ್ಟರು. ಮಾತುಕತೆಯ ಬಳಿಕ ಬಹುಪಾಲು ವಾಪಸ್ ಬಂದದ್ದು ಅವರ ಪುಣ್ಯ. ಎಲ್ಲರಿಗೂ ಅಂಥ ಕಳ್ಳ ಸಿಗುವುದಿಲ್ಲ. ಪ್ರತಿ ಸಲವೂ ಹೊಸ ಫೋನಿನ ಪರದೆಯಿಂದಲೇ ವಿಳಾಸ ತೆಗೆದುಕೊಂಡು, ನಡುವಿನ ಅಕ್ಷರಗಳನ್ನೂ ಹೋಲಿಸಬೇಕು.

ಆ್ಯಪ್ ಸೊನ್ನೆ ತೋರಿಸಿತೆಂದು ವಾಲೆಟ್ ನಿಜಕ್ಕೂ ಖಾಲಿ ಎನ್ನುವಂತಿಲ್ಲ. ಒಂದೇ ವಿಳಾಸ ಇಥೀರಿಯಂ, ಪಾಲಿಗಾನ್, ಆರ್ಬಿಟ್ರಂ ಎಂದು ಬೇರೆ ಬೇರೆ ಜಾಲಗಳಲ್ಲಿ ಇರುತ್ತದೆ, ಪ್ರತಿಯೊಂದರಲ್ಲೂ ಬೇರೆ ಬಾಕಿ. ಬಡ್ಡಿಯಾಸೆಗೆ ಎಲ್ಲೋ ಸ್ಟೇಕ್ ಮಾಡಿ ಮರೆತ ದುಡ್ಡು ಬಾಕಿಯಲ್ಲಿ ಕಾಣದೇ ಇರಬಹುದು. ವಿಳಾಸವನ್ನು ಈಥರ್‌ಸ್ಕ್ಯಾನ್‌ನಲ್ಲಿ ಹಾಕಿ ಹಳೆಯ ವಹಿವಾಟುಗಳ ಮೇಲೆ ಒಮ್ಮೆ ಕಣ್ಣಾಡಿಸಿದರೆ ಅಂಥವು ಸಿಗುತ್ತವೆ. ಅಲ್ಲಿಂದಲೇ ವಹಿವಾಟಿನ ಪಟ್ಟಿಯನ್ನೂ ಇಳಿಸಿಟ್ಟುಕೊಳ್ಳಿ. 2022ರ ಏಪ್ರಿಲ್‌ನಿಂದ ನಮ್ಮಲ್ಲಿ ಕ್ರಿಪ್ಟೊ ಲಾಭಕ್ಕೆ 30% ತೆರಿಗೆ ಇದೆ. ನಿಮ್ಮದೇ ಒಂದು ವಾಲೆಟ್‌ನಿಂದ ಇನ್ನೊಂದಕ್ಕೆ ಸಾಗಿಸಿದರೆ ಅದು ಮಾರಾಟವಲ್ಲ, ಆದರೆ ಯಾವಾಗ ಎಷ್ಟಕ್ಕೆ ಕೊಂಡಿರಿ ಎಂದು ತೋರಿಸಬೇಕಾದವರು ನೀವೇ.

ಈಗ ಡಿಲೀಟ್. ಐಫೋನಿನಲ್ಲಿ `Remove from Home Screen` ಒತ್ತಿದರೆ ಐಕಾನ್ ಮರೆಯಾಗುತ್ತದೆ ಅಷ್ಟೆ. `Offload App` ಆ್ಯಪ್ ತೆಗೆದು ಅದರ ಡೇಟಾ ಉಳಿಸಿಕೊಳ್ಳುತ್ತದೆ. ನಿಮಗೆ ಬೇಕಾದದ್ದು `Delete App`, ಆಂಡ್ರಾಯ್ಡ್‌ನಲ್ಲಿ `Uninstall`. ಅಷ್ಟಕ್ಕೂ ಕೀಯ ಪ್ರತಿ ಇನ್ನೆಲ್ಲೋ ಉಳಿದಿರಬಹುದು. 2022ರ ಏಪ್ರಿಲ್‌ನಲ್ಲಿ ಐಕ್ಲೌಡ್ ಖಾತೆಗೆ ಕನ್ನ ಹಾಕಿದ ವಂಚಕರು ಒಬ್ಬರ ಮೆಟಾಮಾಸ್ಕ್‌ನಿಂದ ಸುಮಾರು 6.5 ಲಕ್ಷ ಡಾಲರ್ ಎತ್ತಿದ್ದರು. ಐಫೋನಿನ ಬ್ಯಾಕಪ್ ಜೊತೆಗೆ ವಾಲೆಟ್‌ನ ಕೀ ಇರುವ ಕಡತವೂ ಕ್ಲೌಡ್‌ಗೆ ಹೋಗುತ್ತದೆ ಎಂಬುದು ಬಹಳ ಮಂದಿಗೆ ಗೊತ್ತಾದದ್ದು ಆಗಲೇ. ಐಕ್ಲೌಡ್ ಬ್ಯಾಕಪ್‌ನಲ್ಲಿ ಈ ಆ್ಯಪ್ ಮುಂದಿನ ಗುಂಡಿಯನ್ನು ಮೊದಲೇ ಆರಿಸಿ. ಪದಗಳ ಫೋಟೊ ತೆಗೆದಿಟ್ಟಿದ್ದರೆ ಗ್ಯಾಲರಿಯಿಂದ ಅಳಿಸಿದರೆ ಮುಗಿಯಲಿಲ್ಲ, ಐಫೋನಿನಲ್ಲಿ ಅದು 30 ದಿನ, ಬ್ಯಾಕಪ್ ಆದ ಗೂಗಲ್ ಫೋಟೋಸ್‌ನಲ್ಲಿ 60 ದಿನ ಕಸದ ಬುಟ್ಟಿಯಲ್ಲಿರುತ್ತದೆ. 2025ರ ಫೆಬ್ರವರಿಯಲ್ಲಿ ಪತ್ತೆಯಾದ ಸ್ಪಾರ್ಕ್‌ಕ್ಯಾಟ್ ಎಂಬ ಕುತಂತ್ರಾಂಶ ಗ್ಯಾಲರಿಯ ಚಿತ್ರಗಳನ್ನು ಓದಿ ಇಂಥ ಪದಗಳನ್ನೇ ಹುಡುಕುತ್ತಿತ್ತು. ಪರೀಕ್ಷೆಗೆಂದು ಬೇರೆ ಫೋನಿನಲ್ಲಿ ಹಳೆಯ ವಾಲೆಟ್ ತೆರೆದಿದ್ದರೆ ಅಲ್ಲಿಂದಲೂ ತೆಗೆಯಿರಿ. ಹಳೆಯ ಫೋನ್ ಮಾರುವುದಿದ್ದರೆ ಆ್ಯಪ್ ತೆಗೆದದ್ದು ಸಾಲದು, ಫ್ಯಾಕ್ಟರಿ ರೀಸೆಟ್ ಆಗಲೇಬೇಕು.

ಇಷ್ಟಾದ ಮೇಲೆ ಹಳೆಯ ಹಾಳೆಯನ್ನು ಹರಿದು ಹಾಕುವ ಮನಸ್ಸಾಗುತ್ತದೆ. ಹರಿಯಬೇಡಿ. ಬ್ಲಾಕ್‌ಚೈನಿನಲ್ಲಿ ವಿಳಾಸ ಮುಚ್ಚುವ ವ್ಯವಸ್ಥೆಯೇ ಇಲ್ಲ. ನಿಮ್ಮ ಹಳೆಯ ವಿಳಾಸವನ್ನು ಉಳಿಸಿಕೊಂಡಿರುವ ಗೆಳೆಯರೋ ಎಕ್ಸ್‌ಚೇಂಜೋ ನಾಳೆ ಅಲ್ಲಿಗೇ ದುಡ್ಡು ಕಳಿಸಿದರೆ ಅದು ಅಲ್ಲಿಗೇ ಬಂದು ಬೀಳುತ್ತದೆ, ಅದನ್ನು ಎತ್ತಲು ಬೇಕಾಗುವುದು ಆ ಹನ್ನೆರಡು ಪದಗಳೇ. ಹಾಳೆಯ ತಲೆಯ ಮೇಲೆ ಆ್ಯಪ್‌ನ ಹೆಸರು, ಖಾಲಿ ಮಾಡಿದ ತಾರೀಕು, ವಿಳಾಸದ ಮೊದಲ ಮತ್ತು ಕೊನೆಯ ಕೆಲವು ಅಕ್ಷರ ಬರೆದು, ಹೊಸ ವಾಲೆಟ್‌ನ ಹಾಳೆಯ ಜೊತೆ ಬೆರೆಯದಂತೆ ಬೇರೆ ಲಕೋಟೆಯಲ್ಲಿಡಿ.